ಇಂಟರ್ನ್‌ಶಿಪ್ ಅಪ್‌ಡೇಟ್ ಮೇಲ್: ಒಂದು ಪುಟ ಬರೆದರೂ 'ಎಲ್ಲಿಗೆ ಬಂತು?' ಅಂತ ಯಾಕೆ ಕೇಳುತ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಇಂಜಿನಿಯರಿಂಗ್ ಕೊನೆ ಸೆಮಿಸ್ಟರ್. ಸಾಗರದಲ್ಲಿ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಪ್ರತಿ ಶುಕ್ರವಾರ ಮೇಡಂಗೆ ಅಪ್‌ಡೇಟ್ ಮೇಲ್ ಕಳಿಸಬೇಕು. ಒಂದು ಪುಟ ಬರೆದು ಕಳಿಸಿದರೂ ಸೋಮವಾರ ಅವರು 'ಎಲ್ಲಿಗೆ ಬಂತು?' ಅಂತ ಮತ್ತೆ ಕೇಳುತ್ತಾರೆ. ಚಿಕ್ಕದಾಗಿ ಬರೆದರೆ ಕೆಲಸವೇ ಮಾಡಿಲ್ಲ ಅಂದುಕೊಳ್ಳುತ್ತಾರೇನೋ ಅಂತ ಭಯ. ಹೇಗೆ ಬರೆಯಲಿ? ಕಳೆದ ವಾರದ ಮೇಲ್ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಮೇಲ್ ಓದಿದೆ. ಇಂಟರ್ನ್‌ಗಳು ಬರೆಯುವ ಇಂಥ ಮೇಲ್‌ಗಳನ್ನು ನಾನು ಹಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ, ನಿಮ್ಮದು ಅದರಲ್ಲಿ ಕೆಟ್ಟದ್ದೇನಲ್ಲ. ಬೇಕಾದ ಮಾಹಿತಿ ಎಲ್ಲಾ ಅದರಲ್ಲೇ ಇದೆ. ಆದರೆ ಮೇಡಂಗೆ ಬೇಕಾದ ಒಂದೇ ಒಂದು ಸಾಲು ನಾಲ್ಕನೇ ಪ್ಯಾರಾದ ನಡುವೆ ಹೂತುಹೋಗಿದೆ. ಕಂಪನಿಯ ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ, ಕತ್ತರಿಸಿ, ಇಲ್ಲಿ ಹಾಕುತ್ತೇನೆ. ಆಫೀಸಿಗೆ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಗೊತ್ತು. ಇಲ್ಲಿ ಕನ್ನಡದಲ್ಲೇ ತೋರಿಸುತ್ತೇನೆ, ರಚನೆ ಹೇಗೂ ಒಂದೇ.

> ವಿಷಯ: ವಾರದ ಅಪ್‌ಡೇಟ್
>
> ಗೌರವಾನ್ವಿತ ಮೇಡಂ, ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ. ಈ ವಾರ ನೀವು ಕೊಟ್ಟ ವಿಳಾಸಗಳ ಫೈಲ್ ಮೇಲೆ ಕೆಲಸ ಮಾಡಿದೆ.
>
> ಸೋಮವಾರ ಫೈಲ್ ಡೌನ್‌ಲೋಡ್ ಮಾಡಿ ಪೂರ್ತಿ ನೋಡಿದೆ. ಊರಿನ ಹೆಸರುಗಳು ಬೇರೆ ಬೇರೆ ರೀತಿ ಇದ್ದವು. ಮಂಗಳವಾರ ಪೈಥಾನ್‌ನಲ್ಲಿ ಅದನ್ನು ಸರಿ ಮಾಡುವುದು ಹೇಗೆಂದು ಕಲಿತು ಒಂದು ಸ್ಕ್ರಿಪ್ಟ್ ಬರೆದೆ.
>
> ಬುಧವಾರ ನಮ್ಮ ಕಡೆ ಮಳೆ ಗಾಳಿ, ಕರೆಂಟ್ ಇರಲಿಲ್ಲ, ಮೊಬೈಲ್ ಟವರ್ ಕೂಡ ಹೋಗಿತ್ತು, ಅದಕ್ಕಾಗಿ ಕ್ಷಮಿಸಿ.
>
> ಗುರುವಾರ ಮತ್ತೆ ಶುರು ಮಾಡಿದೆ. ಕೆಲವು ಸಾಲುಗಳಲ್ಲಿ ಪಿನ್ ಕೋಡಿಗೂ ಊರಿಗೂ ಹೊಂದಿಕೆಯಾಗುತ್ತಿಲ್ಲ, ಅದರ ಬಗ್ಗೆ ಸ್ವಲ್ಪ ಗೊಂದಲ ಇದೆ. ಆದರೂ ಮುಂದುವರಿಸಿದ್ದೇನೆ.
>
> ಕೆಲಸ ಬಹುತೇಕ ಮುಗಿದಿದೆ. ದಯವಿಟ್ಟು ನೋಡಿ ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.

ಈಗ ಇದನ್ನು ಮೇಡಂ ಕುರ್ಚಿಯಲ್ಲಿ ಕೂತು ಓದಿ. ಶುಕ್ರವಾರ ಸಂಜೆ, ಒಂದು ಮೀಟಿಂಗ್‌ನಿಂದ ಇನ್ನೊಂದಕ್ಕೆ ಹೋಗುತ್ತಾ ಅವರು ಮೊಬೈಲ್ ನೋಡುತ್ತಾರೆ. ನೋಟಿಫಿಕೇಶನ್‌ನಲ್ಲಿ ಕಾಣುವುದು ನಿಮ್ಮ ಹೆಸರು, ವಿಷಯದ ಸಾಲು, ಮತ್ತೆ ಮೇಲ್‌ನ ಮೊದಲ ಕೆಲವು ಪದಗಳು, ಅಷ್ಟೇ. ನಿಮ್ಮ ಮೇಲ್‌ನಲ್ಲಿ ಆ ಜಾಗಕ್ಕೆ ಬಂದದ್ದು 'ವಾರದ ಅಪ್‌ಡೇಟ್, ಗೌರವಾನ್ವಿತ ಮೇಡಂ, ತಾವು ಕ್ಷೇಮವಾಗಿದ್ದೀರಿ ಎಂದು' ಅನ್ನುವುದು. ಇದರಿಂದ ಅವರಿಗೆ ಏನೂ ತಿಳಿಯಲಿಲ್ಲ. ಆಮೇಲೆ ಓದೋಣ ಅಂತ ಬಿಟ್ಟರು. ಆ ಆಮೇಲೆ ಬರಲೇ ಇಲ್ಲ. ಸೋಮವಾರ ನಿಮ್ಮನ್ನೇ ಕೇಳಿದರು.

ಮೇಲ್ವಿಚಾರಕರು ಅಪ್‌ಡೇಟ್ ಮೇಲ್ ತೆರೆದಾಗ ಅವರ ತಲೆಯಲ್ಲಿ ಮೊದಲು ಇರುವ ಪ್ರಶ್ನೆ ಒಂದೇ: ನಾನು ಏನಾದರೂ ಮಾಡಬೇಕಾ? ಮಾಡಬೇಕಾದರೆ ಏನು, ಎಷ್ಟರೊಳಗೆ? ಬೇಡವಾದರೆ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದಾ? ಇಷ್ಟಕ್ಕೆ ಉತ್ತರ ಮೊದಲ ಮೂರು ಸಾಲಿನಲ್ಲಿ ಸಿಕ್ಕರೆ ಉಳಿದದ್ದನ್ನು ಅವರು ಓದಿದರೂ ಆಯಿತು, ಬಿಟ್ಟರೂ ಆಯಿತು. ಮುಖ್ಯ ಮಾತು ಮೊದಲಿಗೇ ಬರಬೇಕು ಅನ್ನುವುದು ನನ್ನ ಹುಚ್ಚು ಮಾತ್ರ ಅಲ್ಲ. ಅಮೆರಿಕದ ಸೇನೆ ತನ್ನ ಪತ್ರ ವ್ಯವಹಾರದ ನಿಯಮದಲ್ಲೇ ಇದನ್ನು ಬರೆದಿಟ್ಟಿದೆ. ನಮ್ಮ ಶಾಲೆಯ ಪತ್ರ ಲೇಖನ ಇದಕ್ಕೆ ಪೂರ್ತಿ ಉಲ್ಟಾ ಕಲಿಸುತ್ತದೆ. ಮೊದಲು ಕ್ಷೇಮ, ಆಮೇಲೆ ಹಿನ್ನೆಲೆ, ಕೊನೆಗೆ ವಿನಂತಿ. ನೀವು ಬರೆದದ್ದೂ ಅದೇ ಅಲ್ವಾ.

ಸರಿ, ಬಿಚ್ಚಿ ಕಟ್ಟೋಣ.

ಮೊದಲು ಆ ಹೂತುಹೋದ ಸಾಲು: 'ಪಿನ್ ಕೋಡಿಗೂ ಊರಿಗೂ ಹೊಂದಿಕೆಯಾಗುತ್ತಿಲ್ಲ, ಸ್ವಲ್ಪ ಗೊಂದಲ ಇದೆ.' ಇಡೀ ಮೇಲ್‌ನಲ್ಲಿ ಮೇಡಂ ಮಾತ್ರ ಬಿಡಿಸಬಹುದಾದ ವಿಷಯ ಇದೊಂದೇ. ಆದರೆ ಇದು ಪ್ರಶ್ನೆಯ ರೂಪದಲ್ಲೇ ಇಲ್ಲ. 'ಗೊಂದಲ ಇದೆ' ಅಂತ ಓದಿದವರು 'ಹೌದಾ, ಪಾಪ' ಅಂದುಕೊಂಡು ಮುಂದೆ ಹೋಗುತ್ತಾರೆ. ಕೊನೆಯ 'ಅಗತ್ಯ ಕ್ರಮ ಕೈಗೊಳ್ಳಿ', ಇಂಗ್ಲಿಷಿನ 'ಪ್ಲೀಸ್ ಡು ದ ನೀಡ್‌ಫುಲ್', ಅದೂ ಅಷ್ಟೇ. ಯಾರು, ಏನು, ಯಾವಾಗ ಅನ್ನುವ ಮೂರೂ ಅದರಲ್ಲಿಲ್ಲ.

ಪ್ರಶ್ನೆ ಅಂದರೆ ಉತ್ತರ ಒಂದೇ ಸಾಲಿನಲ್ಲಿ ಬರುವಂತಿರಬೇಕು. ಮೇಡಂ ಲಿಫ್ಟ್‌ನಲ್ಲಿ ನಿಂತು ಒಂದು ಕೈಯಲ್ಲಿ ಟೈಪ್ ಮಾಡಿ ಉತ್ತರಿಸಲು ಸಾಧ್ಯವಾ ಅಂತ ನೋಡಿಕೊಳ್ಳಿ. ಅದಕ್ಕೆ ನೀವು ನಾಲ್ಕು ವಿಷಯ ಕೊಡಬೇಕು: ಎಷ್ಟು ಸಾಲುಗಳು, ಒಂದು ಉದಾಹರಣೆ, ನಿಮ್ಮ ಅಭಿಪ್ರಾಯ, ಮತ್ತೆ ಅವರು ಏನೂ ಹೇಳದಿದ್ದರೆ ನೀವು ಏನು ಮಾಡುತ್ತೀರಿ ಅನ್ನುವುದು.

ಉದಾಹರಣೆ ಯಾಕೆ ಅಂದರೆ, ನಿಮ್ಮ ಫೈಲನ್ನೇ ನೋಡಿ. ನಮ್ಮ ರಾಜ್ಯದಲ್ಲಿ 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಾಗಾಗಿ ವಿಳಾಸದ ಫೈಲ್‌ಗಳಲ್ಲಿ ಬೆಳಗಾಂ, ಬೆಳಗಾವಿ ಎರಡೂ ಇರುತ್ತವೆ. ಗುಲ್ಬರ್ಗ, ಕಲಬುರಗಿ ಎರಡೂ ಇರುತ್ತವೆ. ಇದನ್ನು ನಿಮ್ಮ ಸ್ಕ್ರಿಪ್ಟ್ ಸರಿಮಾಡಿತು, ಒಳ್ಳೆಯದು. ಆದರೆ ಬಿಜಾಪುರ ವಿಜಯಪುರವಾದಾಗ ಒಂದು ತೊಡಕು ಬಂತು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ಒಂದು ವಿಜಯಪುರ ಇದೆ. ಉತ್ತರ ಕರ್ನಾಟಕದ ವಿಜಯಪುರದ ಪಿನ್ 586ರಿಂದ ಶುರು, ದೇವನಹಳ್ಳಿ ಕಡೆಯದ್ದು 562ರಿಂದ ಶುರು. ಊರು 'ವಿಜಯಪುರ', ಪಿನ್ 562 ಅಂತಿರುವ ಸಾಲನ್ನು ಸ್ಕ್ರಿಪ್ಟ್ ತಪ್ಪು ಅಂತ ಎತ್ತಿ ತೋರಿಸುತ್ತದೆ. ಅದು ತಪ್ಪೇ ಇರಲಿಕ್ಕಿಲ್ಲ. 'ಹೊಂದಿಕೆಯಾಗುತ್ತಿಲ್ಲ' ಅಂತ ಸುಮ್ನೆ ಬರೆದರೆ ಇದು ಯಾರಿಗೂ ಹೊಳೆಯುವುದಿಲ್ಲ. ಆ ಒಂದು ಸಾಲು ಉದಾಹರಣೆಯಾಗಿ ಹಾಕಿದರೆ, ಗ್ರಾಹಕರ ಪಟ್ಟಿ ಗೊತ್ತಿರುವ ಮೇಡಂಗೆ ಅರ್ಧ ನಿಮಿಷದಲ್ಲಿ ಹೊಳೆಯುತ್ತದೆ. ಹಾಕುವಾಗ ಒಂದು ಎಚ್ಚರ: ಗ್ರಾಹಕರ ಹೆಸರು, ಫೋನ್ ನಂಬರ್ ಮೇಲ್‌ಗೆ ಅಂಟಿಸಬೇಡಿ. ಸಾಲಿನ ಸಂಖ್ಯೆ, ಊರು, ಪಿನ್ ಇಷ್ಟು ಸಾಕು.

ಇನ್ನು 'ನೀವು ಏನೂ ಹೇಳದಿದ್ದರೆ ಹೀಗೆ ಮಾಡುತ್ತೇನೆ' ಅನ್ನುವುದು. ದೂರದಿಂದ ಕೆಲಸ ಮಾಡುವವರಿಗೆ ಇಷ್ಟು ಉಪಯೋಗದ ವಾಕ್ಯ ಇನ್ನೊಂದಿಲ್ಲ. ಆಫೀಸಿನಲ್ಲಿದ್ದರೆ ಮೇಡಂ ಟೇಬಲ್ ಹತ್ತಿರ ಹೋಗಿ ಎರಡು ನಿಮಿಷದಲ್ಲಿ ಕೇಳಿ ಬರುತ್ತಿದ್ದಿರಿ. ಈಗ ಅವರ ಉತ್ತರಕ್ಕೆ ಕಾದು ಮೂರು ದಿನ ಸುಮ್ಮನೆ ಕೂರುವ ಹಾಗಾಗುತ್ತದೆ. ಈ ವಾಕ್ಯ ಇದ್ದರೆ ಅವರ ಮೌನವೂ ಒಂದು ಉತ್ತರವೇ. ಆದರೆ ಇದಕ್ಕೊಂದು ಗಟ್ಟಿ ಮಿತಿ ಇದೆ, ತುಂಬಾ ಜನ ಅದನ್ನು ಮರೆಯುತ್ತಾರೆ. ವಾಪಸ್ ತೆಗೆದುಕೊಳ್ಳಬಹುದಾದ ಕೆಲಸಕ್ಕೆ ಮಾತ್ರ ಹೀಗೆ ಬರೆಯಬೇಕು. 'ಮಂಗಳವಾರದೊಳಗೆ ಹೇಳದಿದ್ದರೆ 61 ಸಾಲು ಅಳಿಸುತ್ತೇನೆ' ಅಂತ ಬರೆಯಲೇಬಾರದು. ಗ್ರಾಹಕರಿಗೆ ಮೆಸೇಜ್ ಹೋಗುವುದು, ದುಡ್ಡು ಖರ್ಚಾಗುವುದು, ಚಾಲ್ತಿಯಲ್ಲಿರುವ ಸಿಸ್ಟಮ್ ಬದಲಾಗುವುದು, ಇದಕ್ಕೆಲ್ಲಾ ಅವರ 'ಸರಿ' ಅನ್ನುವ ಮಾತು ಬರೆದ ರೂಪದಲ್ಲಿ ಬರುವ ತನಕ ಕಾಯಲೇಬೇಕು. ಹಾಗಾಗಿ ನಿಮ್ಮ ಸಲಹೆ ಒಂದಿರಬಹುದು, ಮೌನಕ್ಕೆ ಇಟ್ಟುಕೊಂಡ ದಾರಿ ಇನ್ನೊಂದಿರಬಹುದು. 'ಪಿನ್ ಕೋಡನ್ನೇ ನಂಬೋಣ' ಅನ್ನುವುದು ಸಲಹೆ. 'ನೀವು ಹೇಳುವ ತನಕ ಏನೂ ಬದಲಾಯಿಸದೆ ಪಕ್ಕದ ಕಾಲಂನಲ್ಲಿ ಗುರುತು ಮಾತ್ರ ಹಾಕಿರುತ್ತೇನೆ' ಅನ್ನುವುದು ಮೌನದ ದಾರಿ. ಎರಡನೆಯದರಿಂದ ಯಾರಿಗೂ ನಷ್ಟವಿಲ್ಲ.

ಆಮೇಲೆ 'ಕೆಲಸ ಬಹುತೇಕ ಮುಗಿದಿದೆ.' ಈ ಮಾತನ್ನು ಯಾವ ಮೇಲ್ವಿಚಾರಕರೂ ನಂಬುವುದಿಲ್ಲ, ಯಾಕಂದರೆ ಅವರೂ ಒಂದು ಕಾಲದಲ್ಲಿ ಹೀಗೇ ಬರೆದವರು. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೇಳಿದ್ದು ಅಂತ ಪ್ರೋಗ್ರಾಮರ್‌ಗಳ ನಡುವೆ ಒಂದು ಹಳೇ ಜೋಕ್ ಇದೆ: ಮೊದಲ ಶೇಕಡಾ 90ರಷ್ಟು ಕೋಡ್‌ಗೆ ಶೇಕಡಾ 90ರಷ್ಟು ಸಮಯ ಹೋಗುತ್ತದೆ, ಉಳಿದ ಶೇಕಡಾ 10ಕ್ಕೆ ಇನ್ನೊಂದು ಶೇಕಡಾ 90 ಹೋಗುತ್ತದೆ. ಶೇಕಡಾವಾರು ಲೆಕ್ಕದ ಬದಲು ಎಣಿಸಿದ ಲೆಕ್ಕ ಕೊಡಿ. ಒಟ್ಟು 4,200 ವಿಳಾಸ, ಅದರಲ್ಲಿ 2,900 ಆಗಿದೆ, 1,300 ಬಾಕಿ. ಜೊತೆಗೆ 'ಆಗಿದೆ' ಅಂದರೆ ಏನು ಅಂತ ಅರ್ಧ ವಾಕ್ಯ ಸೇರಿಸಿ: ಊರಿನ ಹೆಸರು ಒಂದೇ ರೀತಿ ಮಾಡಿ, ಪಿನ್ ತಾಳೆ ನೋಡಿದ್ದು. ಇಲ್ಲದಿದ್ದರೆ ನೀವು 'ಸ್ಕ್ರಿಪ್ಟ್ ಓಡಿಸಿದ್ದೇನೆ' ಅನ್ನುವ ಅರ್ಥದಲ್ಲಿ ಬರೆದದ್ದನ್ನು ಅವರು 'ಬಳಸಲು ತಯಾರು' ಅಂತ ಓದಿಕೊಂಡು ಮುಂದಿನ ಟೀಮಿಗೆ ಹೇಳಿಬಿಡುತ್ತಾರೆ. ಇಂಟರ್ನ್‌ಗಳ ಮೇಲ್‌ನಿಂದ ಆಗುವ ನಿಜವಾದ ಹಾನಿ ಬಹಳ ಸಲ ಇಲ್ಲೇ ಶುರುವಾಗುವುದು. ಉದ್ದ ಬರೆದದ್ದರಿಂದ ಆಗುವ ತೊಂದರೆ ಇದರ ಮುಂದೆ ಏನೂ ಅಲ್ಲ.

ಸೋಮವಾರ, ಮಂಗಳವಾರ, ಬುಧವಾರ ಅಂತ ದಿನದ ಲೆಕ್ಕ ತೆಗೆದುಬಿಡಿ. ಮೇಲ್ ಉದ್ದವಾಗಿದ್ದೇ ಅದರಿಂದ. ದಿನಕ್ಕೊಂದು ಪ್ಯಾರಾ ಬರೆಯುವುದರ ಹಿಂದೆ ನಿಮ್ಮ ಆ ಭಯ ಇದೆ, ಮನೆಯಲ್ಲಿ ಕೂತು ಸುಮ್ನೆ ಕಾಲ ಕಳೆದಿಲ್ಲ ಅಂತ ತೋರಿಸಬೇಕು ಅನ್ನುವುದು. ಅರ್ಥವಾಗುತ್ತದೆ. ಅದಕ್ಕೊಂದು ಬೇರೆ ಜಾಗ ಮಾಡಿ. ಒಂದು ಗೂಗಲ್ ಡಾಕ್ ತೆರೆದು, ದಿನಾ ಸಂಜೆ ದಿನಾಂಕ ಹಾಕಿ ಎರಡು ಮೂರು ಸಾಲು ಬರೆದಿಡಿ: ಏನು ಮಾಡಿದೆ, ಏನು ಪ್ರಯತ್ನಿಸಿ ಕೈಬಿಟ್ಟೆ, ಯಾವ ಎರರ್ ಬಂತು. ಮೇಲ್‌ನ ಕೊನೆಯಲ್ಲಿ ಅದರ ಲಿಂಕ್ ಮಾತ್ರ ಇರಲಿ. ಅನುಮಾನ ಇದ್ದವರು ತೆರೆದು ನೋಡುತ್ತಾರೆ. ಹೆಚ್ಚಿನವರು ನೋಡುವುದಿಲ್ಲ, ಆದರೆ ಅದು ಇದೆ ಅಂತ ಗೊತ್ತಿರುತ್ತದೆ. ಕಾಲೇಜಿಗೆ ಇಂಟರ್ನ್‌ಶಿಪ್ ಡೈರಿ ಕೊಡಬೇಕಾದಾಗ, ಕೊನೆಗೆ ರಿಪೋರ್ಟ್ ಬರೆಯುವಾಗ ಇದೇ ಕೈ ಹಿಡಿಯುತ್ತದೆ.

ಬುಧವಾರದ ಕರೆಂಟಿನ ವಿಷಯ ಹೇಳಬೇಕಾ? ಹೇಳಬೇಕು, ಅದರಿಂದ ದಿನಾಂಕ ಮುಂದೆ ಹೋಗಿದ್ದರೆ ಮಾತ್ರ, ಅದೂ ನಾಲ್ಕೈದು ಪದದಲ್ಲಿ. ಮಲೆನಾಡಿನಲ್ಲಿ ಮಳೆ ಬಂದರೆ ಕರೆಂಟ್ ಹೋಗುತ್ತದೆ, ಅದಕ್ಕೆ ನೀವು ಕ್ಷಮೆ ಕೇಳುವುದು ಬೇಡ. ತಡವಾದಾಗ ಮೇಲಿನವರಿಗೆ ಬೇಕಾಗುವುದು ಹಳೇ ದಿನಾಂಕ, ಹೊಸ ದಿನಾಂಕ, ಒಂದು ಕಾರಣ. ನಿಮ್ಮ ಮೇಲ್‌ನಲ್ಲಿ ಕ್ಷಮೆ ಇದೆ, ಹೊಸ ದಿನಾಂಕ ಇಲ್ಲ. ಇನ್ನೊಂದು ಮಾತು, ತಡವಾಗುತ್ತದೆ ಅಂತ ನಿಮಗೆ ಬುಧವಾರವೇ ಗೊತ್ತಿತ್ತು. ಅವತ್ತು ಸಂಜೆ ಅಥವಾ ಟವರ್ ಬಂದ ಕೂಡಲೇ ಎರಡು ಸಾಲು ಕಳಿಸಬೇಕಿತ್ತು. ಶುಕ್ರವಾರದ ಮೇಲ್ ಇರುವುದು ಸಾಮಾನ್ಯ ಸಂಗತಿಗೆ. ಕೆಲಸ ನಿಂತರೆ, ದಿನಾಂಕ ಜಾರಿದರೆ ಶುಕ್ರವಾರಕ್ಕೆ ಕಾಯಬಾರದು.

ಈಗ ಸೇರಿಸಿ ಬರೆದರೆ ಹೀಗಾಗುತ್ತದೆ:

> ವಿಷಯ: ಮಂಗಳವಾರದೊಳಗೆ 1 ಉತ್ತರ ಬೇಕು: ಪಿನ್ ಹೊಂದದ 61 ವಿಳಾಸ | ವಾರದ ಅಪ್‌ಡೇಟ್ 14 ಮಾರ್ಚ್
>
> ನಮಸ್ತೆ ಮೇಡಂ,
>
> ನಿಮ್ಮಿಂದ ಬೇಕಾದದ್ದು: 61 ವಿಳಾಸಗಳಲ್ಲಿ ಊರಿಗೂ ಪಿನ್ ಕೋಡಿಗೂ ಹೊಂದುತ್ತಿಲ್ಲ. ಉದಾ: ಸಾಲು 1187, ಊರು ವಿಜಯಪುರ, ಪಿನ್ 562ರಿಂದ ಶುರು. ಯಾವುದನ್ನು ಸರಿ ಅಂತ ಹಿಡಿಯಲಿ? ಪಿನ್ ಕೋಡನ್ನು ನಂಬಬಹುದು ಅನ್ನುವುದು ನನ್ನ ಅಭಿಪ್ರಾಯ, ಒಂದೇ ಹೆಸರಿನ ಎರಡು ಊರು ಇರಬಹುದು. ಮಂಗಳವಾರ (18 ಮಾರ್ಚ್) ಸಂಜೆ 5ರೊಳಗೆ ತಿಳಿಸಿ. ಅಲ್ಲಿಯ ತನಕ ಈ 61ನ್ನು ಬದಲಾಯಿಸದೆ ಪಕ್ಕದ ಕಾಲಂನಲ್ಲಿ ಗುರುತು ಹಾಕಿಟ್ಟು ಮುಂದಿನ ಸಾಲುಗಳನ್ನು ಮಾಡುತ್ತಿರುತ್ತೇನೆ.
>
> ಎಲ್ಲಿಗೆ ಬಂತು: 4,200ರಲ್ಲಿ 2,900 ಆಗಿದೆ (ಹೆಸರು ಸರಿಮಾಡಿ, ಪಿನ್ ತಾಳೆ ನೋಡಿದ್ದು). ಇವತ್ತಿಗೆ ಎಲ್ಲಾ ಮುಗಿಯಬೇಕಿತ್ತು, ಬುಧವಾರ 19ಕ್ಕೆ ಮುಗಿಯುತ್ತದೆ. ಕಾರಣ: ಒಂದು ದಿನ ಕರೆಂಟ್ ಇರಲಿಲ್ಲ.
>
> ಮುಂದಿನ ವಾರ: ಬುಧವಾರದೊಳಗೆ ಉಳಿದ 1,300. ಆಮೇಲೆ ಪಿನ್ ಇಲ್ಲದೇ ಇರುವ 118 ವಿಳಾಸಗಳ ಪಟ್ಟಿ ಮಾಡಿ ಶುಕ್ರವಾರ 21ಕ್ಕೆ ಕಳಿಸುತ್ತೇನೆ.
>
> ಫೈಲ್ ಮತ್ತು ದಿನದ ನೋಟ್ಸ್: (ಲಿಂಕ್)

ಮೊದಲಿನದಕ್ಕಿಂತ ಇದು ತೀರಾ ಚಿಕ್ಕದೇನೂ ಅಲ್ಲ, ಗಮನಿಸಿ. ಚಿಕ್ಕದಾಗಿ ಬರೆಯಬೇಕು ಅಂತ ತಲೆ ಕೆಡಿಸಿಕೊಂಡವರು 'ಕೆಲಸ ಸಾಗುತ್ತಿದೆ, ಒಂದು ಡೌಟ್ ಇದೆ' ಅಂತ ಒಂದು ಸಾಲು ಬರೆದು ಕಳಿಸಿಬಿಡುತ್ತಾರೆ. ಅದಕ್ಕೆ ಮೇಡಂ 'ಏನು ಡೌಟ್?' ಅಂತ ಬರೆಯಬೇಕು, ನೀವು ಉತ್ತರಿಸಬೇಕು, ಅವರು ಮತ್ತೆ ಕೇಳಬೇಕು. ನಾಲ್ಕು ಮೇಲ್ ಆಯಿತು, ಎರಡು ದಿನ ಹೋಯಿತು. ಪದ ಉಳಿಸುವುದಕ್ಕಿಂತ ಈ ಓಡಾಟ ಉಳಿಸುವುದು ಮುಖ್ಯ. ಈ ಮೇಲ್‌ನಲ್ಲಿ ಮೇಡಂ ಮೊದಲ ಪ್ಯಾರಾ ಓದಿ 'ಪಿನ್ ನಂಬಿ, ಅದು ದೇವನಹಳ್ಳಿ ವಿಜಯಪುರ' ಅಂತ ಬರೆದರೆ ಅಲ್ಲಿಗೆ ಮುಗಿಯಿತು. ಮತ್ತೆ ನಿಮ್ಮ ಭಯದ ಮಾತು: 2,900 ಅನ್ನುವ ಅಂಕಿ, ಸಾಲು 1187 ಅನ್ನುವ ಗುರುತು, ಎರಡು ವಿಜಯಪುರದ ಊಹೆ, ಇದನ್ನು ಓದಿದ ಯಾರೂ ಈ ಹುಡುಗಿ ಕೆಲಸ ಮಾಡಿಲ್ಲ ಅಂದುಕೊಳ್ಳುವುದಿಲ್ಲ.

ವಿಷಯದ ಸಾಲಿನಲ್ಲಿ ಬೇಕಾದದ್ದನ್ನು ಮುಂದೆ, 'ವಾರದ ಅಪ್‌ಡೇಟ್' ಅನ್ನುವುದನ್ನು ಹಿಂದೆ ಇಟ್ಟಿದ್ದೇನೆ. ಮೊಬೈಲ್‌ನಲ್ಲಿ ಉದ್ದದ ಸಾಲಿನ ಬಾಲ ಕತ್ತರಿಸಿಹೋಗುತ್ತದೆ, ಅದಕ್ಕೆ. ಏನೂ ಕೇಳುವುದಿಲ್ಲದ ವಾರ 'ಉತ್ತರ ಬೇಕಿಲ್ಲ: ವಿಳಾಸದ ಕೆಲಸ ಸಮಯಕ್ಕೆ ಸರಿಯಾಗಿದೆ | ವಾರದ ಅಪ್‌ಡೇಟ್ 21 ಮಾರ್ಚ್' ಅಂತ ಹಾಕಿ. ಉತ್ತರ ಬೇಕಿಲ್ಲ ಅಂತ ಬರೆಯುವುದು ಉದ್ಧಟತನ ಅಂತ ನಿಮಗನ್ನಿಸಬಹುದು. ಅವರಿಗೆ ಅದರಿಂದ ಆಗುವುದು ನೆಮ್ಮದಿ. ಪ್ರತಿ ವಾರ ಹೊಸ ಮೇಲ್ ಶುರು ಮಾಡಿ, ಹಳೇ ಥ್ರೆಡ್‌ಗೇ ರಿಪ್ಲೈ ಹಾಕುತ್ತಾ ಹೋಗಬೇಡಿ. ಮೂರು ವಾರದ ಹಿಂದಿನ ಪ್ರಶ್ನೆಯ ಕೆಳಗೆ ಈ ವಾರದ ಪ್ರಶ್ನೆ ಸೇರಿಕೊಂಡರೆ ಹುಡುಕುವುದೇ ಕಷ್ಟ. ಆದರೆ 'ವಾರದ ಅಪ್‌ಡೇಟ್' ಅನ್ನುವ ಎರಡು ಪದ ಎಲ್ಲದರಲ್ಲೂ ಒಂದೇ ರೀತಿ ಇರಲಿ, ಆಗ ಸರ್ಚ್ ಮಾಡಿದರೆ ಅಷ್ಟೂ ಒಟ್ಟಿಗೆ ಸಿಗುತ್ತವೆ. ದಿನಾಂಕ ಬರೆಯುವಾಗ ತಿಂಗಳ ಹೆಸರು ಹಾಕಿ. 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. 'ನಾಳೆ' ಅಂತ ಬರೆದರೆ ಮೇಲ್ ಓದುವವರ ನಾಳೆ ಯಾವುದೋ ಯಾರಿಗೆ ಗೊತ್ತು.

ಲಿಂಕ್ ವಿಷಯದಲ್ಲಿ ಒಂದು ಜಾಗ್ರತೆ. ಗೂಗಲ್ ಡ್ರೈವ್‌ನಲ್ಲಿ ಹೊಸ ಫೈಲ್ ಮಾಡಿದಾಗ ಅದು ಸಾಮಾನ್ಯವಾಗಿ `Restricted` ಆಗಿರುತ್ತದೆ. ನೀವು ತೆರೆದರೆ ತೆರೆಯುತ್ತದೆ, ಮೇಡಂ ಒತ್ತಿದರೆ `You need access` ಅಂತ ಬರುತ್ತದೆ. ಅವರು ಅನುಮತಿ ಕೇಳಿ ಒಂದು ಬಟನ್ ಒತ್ತುತ್ತಾರೆ, ಅದು ನಿಮಗೆ ಮೇಲ್ ಆಗಿ ಬರುತ್ತದೆ, ನೀವು ಅದನ್ನು ಮರುದಿನ ನೋಡುತ್ತೀರಿ. ಕಳಿಸುವ ಮುಂಚೆ `Share` ಒತ್ತಿ, ಅವರ ಆಫೀಸ್ ಮೇಲ್ ವಿಳಾಸ ಪಟ್ಟಿಯಲ್ಲಿದೆಯಾ ನೋಡಿ. ಕಷ್ಟ ಬೇಡ ಅಂತ 'ಲಿಂಕ್ ಇದ್ದವರೆಲ್ಲಾ ನೋಡಬಹುದು' ಅಂತ ಬದಲಾಯಿಸಬೇಡಿ, ಅದರಲ್ಲಿ ಗ್ರಾಹಕರ ವಿಳಾಸ ಇದೆ. ಇನ್ನೂ ಒಳ್ಳೆಯದು, ಕಂಪನಿ ಕೊಟ್ಟ ಫೋಲ್ಡರ್‌ನಲ್ಲೇ ಫೈಲ್ ಇಡುವುದು. ನಿಮ್ಮ ಸ್ವಂತ ಜಿಮೇಲ್ ಡ್ರೈವ್‌ನಲ್ಲಿ ಕಂಪನಿಯ ಡೇಟಾ ಇರಲೇಬಾರದು.

ಕೆಲಸ ಪೂರ್ತಿ ನಿಂತಾಗ ಬರೆಯುವ ಮೇಲ್ ಇದಕ್ಕಿಂತ ಸ್ವಲ್ಪ ಬೇರೆ. ಅದು ಅವತ್ತೇ ಹೋಗಬೇಕು, ಅದರಲ್ಲಿ ಆ ಒಂದೇ ವಿಷಯ ಇರಬೇಕು. ಎರರ್ ಬಂದಿದ್ದರೆ ಲ್ಯಾಪ್‌ಟಾಪ್ ಪರದೆಯ ಫೋಟೋ ತೆಗೆದು ಹಾಕಬೇಡಿ. ಅಕ್ಷರವನ್ನೇ ಕಾಪಿ ಮಾಡಿ ಅಂಟಿಸಿ, ಅವರು ಅದನ್ನೇ ಸರ್ಚ್ ಮಾಡಬಹುದು, ಬೇರೆಯವರಿಗೆ ಕಳಿಸಬಹುದು. ಉದಾಹರಣೆಗೆ:

```
PermissionError: [Errno 13] Permission denied: 'addresses_march.csv'
```

ಇದರ ಕೆಳಗೆ ಮೂರು ವಾಕ್ಯ ಸಾಕು. 'ಬೆಳಿಗ್ಗೆ 11ರಿಂದ ಈ ಫೈಲ್ ತೆರೆಯುತ್ತಿಲ್ಲ, ನಿನ್ನೆ ತೆರೆಯುತ್ತಿತ್ತು. ಫೈಲ್ ಬೇರೆ ಕಡೆ ತೆರೆದಿಲ್ಲ ಅಂತ ನೋಡಿದೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ನೋಡಿದೆ. ನನ್ನ ಅನುಮತಿ ತೆಗೆದಿದ್ದಾರಾ ಅಂತ ಯಾರನ್ನು ಕೇಳಬೇಕು ಹೇಳುತ್ತೀರಾ?' ನೀವು ಏನು ಪ್ರಯತ್ನಿಸಿದಿರಿ ಅನ್ನುವುದು ಇಲ್ಲಿ ಬೇಕೇ ಬೇಕು, ಇಲ್ಲದಿದ್ದರೆ ಮೊದಲ ಉತ್ತರ 'ರೀಸ್ಟಾರ್ಟ್ ಮಾಡಿದಿರಾ?' ಅಂತಲೇ ಬರುತ್ತದೆ. ಕೊನೆಯ ಪ್ರಶ್ನೆಯನ್ನೂ ನೋಡಿ. ಅದು ಮೇಡಂ ಕೈಯಲ್ಲೇ ಸರಿ ಮಾಡಿಸಲು ಹೊರಟಿಲ್ಲ, ಯಾರ ಹತ್ತಿರ ಹೋಗಬೇಕು ಅಂತ ಮಾತ್ರ ಕೇಳುತ್ತದೆ. ಅದಕ್ಕೆ ಉತ್ತರ ಬೇಗ ಬರುತ್ತದೆ.

ಉತ್ತರ ಬರದಿದ್ದರೆ? ನೀವು ಕೊಟ್ಟ ಸಮಯ ದಾಟುವ ತನಕ ಸುಮ್ಮನಿರಿ. ದಾಟಿದ ಮೇಲೆ ಅದೇ ಮೇಲ್‌ಗೆ ರಿಪ್ಲೈ ಹಾಕಿ, ಬರೀ 'ಜೆಂಟಲ್ ರಿಮೈಂಡರ್' ಅಂತ ಬರೆಯದೆ ಪ್ರಶ್ನೆಯನ್ನೇ ಇನ್ನೊಮ್ಮೆ ಒಂದು ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಅವರು ಕೆಳಗೆ ಸ್ಕ್ರಾಲ್ ಮಾಡಿ ಏನಿತ್ತು ಅಂತ ಹುಡುಕಬೇಕು. ಅದಕ್ಕೂ ಉತ್ತರ ಇಲ್ಲದಿದ್ದರೆ ಚಾಟ್‌ನಲ್ಲಿ ಅದೇ ಸಾಲು ಹಾಕಿ. ಒಂದೇ ಮೇಲ್‌ನಲ್ಲಿ ಎರಡು ಪ್ರಶ್ನೆ ಕೇಳಿ ಒಂದಕ್ಕೆ ಮಾತ್ರ ಉತ್ತರ ಬರುವುದು ತುಂಬಾ ಸಾಮಾನ್ಯ. ಎರಡು ಇದ್ದರೆ 1, 2 ಅಂತ ನಂಬರ್ ಹಾಕಿ. ಮೂರು ಬಂದರೆ ಹದಿನೈದು ನಿಮಿಷದ ಕಾಲ್ ಕೇಳುವುದೇ ವಾಸಿ.

ಕರೆಯುವ ರೀತಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನ ಎಷ್ಟೋ ಐಟಿ ಕಂಪನಿಗಳಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ಕಾಲೇಜಿನಿಂದ ಬಂದವರಿಗೆ ಅದು ನಾಲಿಗೆಗೆ ಬರುವುದಿಲ್ಲ. ಅವರು ನಿಮಗೆ ಬರೆಯುವ ಮೇಲ್‌ನ ಕೊನೆಯಲ್ಲಿ ಬರೀ ಹೆಸರು ಹಾಕುತ್ತಿದ್ದರೆ, ಟೀಮಿನವರೂ ಹಾಗೇ ಕರೆಯುತ್ತಿದ್ದರೆ ನೀವೂ ಕರೆಯಬಹುದು. ಮುಜುಗರ ಆದರೆ 'ಮೇಡಂ' ಅಂತಲೇ ಇರಲಿ, ಯಾರೂ ತಪ್ಪು ತಿಳಿಯುವುದಿಲ್ಲ. ಪ್ರೊಫೆಸರ್ ಕೈಕೆಳಗಿನ ಇಂಟರ್ನ್‌ಶಿಪ್ ಆದರೆ ಮಾತ್ರ ಸರ್, ಮೇಡಂ ಬಿಡಬೇಡಿ. ಕ್ಷೇಮ ವಿಚಾರಿಸುವ ಸಾಲು ಎರಡೂ ಕಡೆ ಬೇಡ. ಹಬ್ಬಕ್ಕೋ ಹುಷಾರಿಲ್ಲದ್ದಕ್ಕೋ ನಿಜವಾಗಿ ಕೇಳಬೇಕು ಅನ್ನಿಸಿದರೆ ಮೇಲ್‌ನ ಕೊನೆಯಲ್ಲಿ ಕೇಳಿ.

ಹೊಸ ಮೇಲ್ ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಅವರ ಉತ್ತರದಲ್ಲೇ ಗೊತ್ತಾಗುತ್ತದೆ. 'ಸರಿ, ಪಿನ್ ನಂಬಿ' ಅಂತ ನಿರ್ಧಾರ ಬಂದರೆ ಕೆಲಸ ಮಾಡುತ್ತಿದೆ. 'ನನ್ನಿಂದ ಏನು ಬೇಕು?' ಅಂತ ಬಂದರೆ ಪ್ರಶ್ನೆ ಇನ್ನೂ ಪ್ರಶ್ನೆಯಾಗಿಲ್ಲ. ನೀವು ಬರೆದಿದ್ದನ್ನೇ ಅವರು ಮತ್ತೆ ಕೇಳಿದರೆ ಆ ವಿಷಯ ತಪ್ಪು ಜಾಗದಲ್ಲಿದೆ, ಮುಂದಿನ ವಾರ ಅದನ್ನು ಮೇಲಕ್ಕೆ ತನ್ನಿ. ಕೆಲವರಿಗೆ ಈ ರಚನೆಯೇ ಹಿಡಿಸುವುದಿಲ್ಲ. ಅಂಥವರು ಎಲ್ಲಾ ವಿವರ ಕೇಳುತ್ತಾರೆ, ಇಲ್ಲಾ ಮೇಲ್ ಬೇಡ ಶೀಟ್ ತುಂಬಿ ಅನ್ನುತ್ತಾರೆ. ಎರಡು ವಾರ ಕಳಿಸಿದ ಮೇಲೆ 'ಈ ರೀತಿ ಸಾಕಾ, ಏನಾದರೂ ಜಾಸ್ತಿ ಕಡಿಮೆ ಆಗಬೇಕಾ?' ಅಂತ ಅವರನ್ನೇ ಕೇಳಿಬಿಡಿ. ಅವರು ಹೇಳಿದ್ದು ನಾನು ಇಲ್ಲಿ ಬರೆದದ್ದಕ್ಕಿಂತ ಮೇಲು.

ಕೊನೆಗೆ ಸಿಸಿ ವಿಷಯ. ನಿಮ್ಮ ಮೇಲ್‌ನ ಸಿಸಿಯಲ್ಲಿ ಕಾಲೇಜಿನ ಗೈಡ್ ಅವರ ಹೆಸರೂ ಇತ್ತು. ಅದನ್ನು ತೆಗೆಯಿರಿ, ಕಂಪನಿಯವರೇ ಹಾಕಿ ಅಂದಿದ್ದರೆ ಬೇರೆ ಮಾತು. ಇಂಟರ್ನ್‌ಶಿಪ್‌ಗೆ ಸೇರುವಾಗ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಿ, ಹಾಕಿದ್ದು ನೆನಪಿಲ್ಲದಿದ್ದರೆ ಆಫರ್ ಲೆಟರ್ ತೆಗೆದು ನೋಡಿ. ವಿಳಾಸದ ಉದಾಹರಣೆ, ಫೈಲ್ ಲಿಂಕ್ ಇರುವ ಮೇಲ್ ಹೊರಗಿನವರಿಗೆ ಹೋಗುವುದು ಅದಕ್ಕೆ ವಿರುದ್ಧ. ಗೈಡ್‌ಗೆ ಬೇರೆಯೇ ಮೇಲ್ ಬರೆಯಿರಿ: ಈ ವಾರ ಏನು ಕಲಿತೆ, ಎಷ್ಟು ಗಂಟೆ ಆಯಿತು, ಡೈರಿ ಎಲ್ಲಿಯ ತನಕ ಬರೆದಿದೆ. ನಿಮ್ಮ ಹಳೇ ಮೇಲ್‌ನ ಆ ಸೋಮವಾರ, ಮಂಗಳವಾರದ ಪ್ಯಾರಾಗಳಿವೆಯಲ್ಲಾ, ಕಂಪನಿಯ ಡೇಟಾದ ವಿವರ ತೆಗೆದರೆ ಅವರಿಗೆ ಬೇಕಾಗುವುದು ಹೆಚ್ಚುಕಡಿಮೆ ಅದೇ.